ಬೆಳಿಗ್ಗೆ 9:20ರ ಲೆಕ್ಕ: ಇಂಟ್ರಾಡೇಗೆ ಷೇರು ಆರಿಸುವ ಬಗೆ

ಷೇರುಪೇಟೆ ತೆರೆದು ಐದು ನಿಮಿಷವಾಗಿದೆ. ದಿನಕ್ಕೆ ಸರಾಸರಿ 20 ಲಕ್ಷ ಷೇರು ಕೈಬದಲಾಗುವ ಒಂದು ಕಂಪನಿಯಲ್ಲಿ ಅಷ್ಟರೊಳಗೇ 3,60,000 ಷೇರುಗಳ ವಹಿವಾಟು ನಡೆದುಹೋಗಿದೆ. ಆದರೆ ನಿಮ್ಮ ಸ್ಕ್ಯಾನರ್ ಅದರ ಮುಂದೆ 0.18 ಎಂದು ತೋರಿಸುತ್ತಿದೆ. ಅಂದರೆ ಮಾಮೂಲಿನ ಐದನೇ ಒಂದು ಪಾಲೂ ಇಲ್ಲ ಎಂದು. ಇನ್ನೊಂದು ಸ್ಕ್ಯಾನರ್ ಅದೇ ಷೇರಿಗೆ 13.5 ಎನ್ನುತ್ತದೆ. ಎರಡೂ ತಪ್ಪು ದಾರಿ ತೋರಿಸುತ್ತವೆ. ಸರಿಯಾದ ಉತ್ತರ 4.5. ಈ ಮೂರು ಅಂಕಿಗಳ ನಡುವಿನ ವ್ಯತ್ಯಾಸ ತಿಳಿಯದೆ ರಿಲೇಟಿವ್ ವಾಲ್ಯೂಮ್ ನಂಬಿ ಇಂಟ್ರಾಡೇಗೆ ಇಳಿಯುವವರು ಬಹಳ. ಅದಕ್ಕೇ ಮೊದಲು ಆ ಲೆಕ್ಕವನ್ನೇ ನೋಡೋಣ.

ಮೊದಲ ಸ್ಕ್ಯಾನರ್ ಮಾಡಿದ್ದು ಇಷ್ಟೇ: ಈವರೆಗಿನ ವಹಿವಾಟನ್ನು ಇಡೀ ದಿನದ ಸರಾಸರಿಯಿಂದ ಭಾಗಿಸಿತು. ಸಂಜೆ ಮೂರೂವರೆಗೆ ಈ ಅಂಕಿಗೆ ಅರ್ಥವಿದೆ, ಬೆಳಿಗ್ಗೆ ಇಲ್ಲ. ಎರಡನೆಯದು ತುಸು ಜಾಣತನ ತೋರಿಸಲು ಹೋಯಿತು. ಎನ್‌ಎಸ್‌ಇಯಲ್ಲಿ ವಹಿವಾಟಿನ ಅವಧಿ 9:15ರಿಂದ 3:30ರವರೆಗೆ, ಒಟ್ಟು 375 ನಿಮಿಷ. ಐದು ನಿಮಿಷವೆಂದರೆ ಅದರ 75ನೇ ಒಂದು ಭಾಗ. ಆದ್ದರಿಂದ 3,60,000ವನ್ನು 75ರಿಂದ ಗುಣಿಸಿ, ದಿನದ ಕೊನೆಗೆ 2.7 ಕೋಟಿ ಷೇರು ಆಗಬಹುದೆಂದು ಅಂದಾಜಿಸಿ, ಅದನ್ನು 20 ಲಕ್ಷದಿಂದ ಭಾಗಿಸಿತು. ಇದರಲ್ಲಿನ ದೋಷ ಗೊತ್ತಾಗಬೇಕಾದರೆ ಮಾಮೂಲಿ ದಿನವೊಂದನ್ನು ನೋಡಿ. ಆ ಷೇರಿನಲ್ಲಿ ಸಾಮಾನ್ಯ ದಿನಗಳಲ್ಲೂ ಮೊದಲ ಐದು ನಿಮಿಷಕ್ಕೆ 80,000 ಷೇರು ಆಗುತ್ತದೆ ಎಂದುಕೊಳ್ಳಿ. ಅದನ್ನೂ 75ರಿಂದ ಗುಣಿಸಿದರೆ 60 ಲಕ್ಷ. ಯಾವ ಸುದ್ದಿಯೂ ಇಲ್ಲದ ದಿನವೂ ಷೇರು 'ಮೂರು ಪಟ್ಟು' ಚಟುವಟಿಕೆಯಲ್ಲಿದೆ ಎಂದು ಸ್ಕ್ಯಾನರ್ ಕೂಗುತ್ತದೆ.

ದಿನದ ವಹಿವಾಟು ಸಮನಾಗಿ ಹರಿಯುವುದಿಲ್ಲ ಎಂಬುದೇ ಇದಕ್ಕೆ ಕಾರಣ. ತೆರೆದಾಗ ಭರಾಟೆ, ಮಧ್ಯಾಹ್ನ ಮಂದ, ಮುಚ್ಚುವ ಹೊತ್ತಿಗೆ ಮತ್ತೆ ಭರಾಟೆ. ದರ್ಶಿನಿಯೊಂದರಲ್ಲಿ ಇವತ್ತು ಜನ ಜಾಸ್ತಿಯೇ ಎಂದು ತಿಳಿಯಬೇಕಾದರೆ ಬೆಳಗಿನ ಎಂಟು ಗಂಟೆಯ ಗುಂಪನ್ನು ಬೇರೆ ದಿನಗಳ ಎಂಟು ಗಂಟೆಯ ಗುಂಪಿನ ಜೊತೆಗೇ ಹೋಲಿಸಬೇಕಲ್ಲವೇ, ಇಲ್ಲೂ ಹಾಗೆಯೇ. ಇವತ್ತಿನ 9:15ರಿಂದ 9:20ರ ವಹಿವಾಟನ್ನು ಅದೇ ಷೇರಿನ ಹಿಂದಿನ 14 ದಿನಗಳ ಅದೇ ಐದು ನಿಮಿಷದಿಂದ ಭಾಗಿಸಬೇಕು. 3,60,000 ಭಾಗಿಸು 80,000, ಅಂದರೆ 4.5. ಟ್ರೇಡಿಂಗ್‌ವ್ಯೂನಂಥ ತಾಣಗಳಲ್ಲಿ Relative Volume ಮತ್ತು Relative Volume at Time ಎಂಬ ಎರಡು ಬೇರೆ ಬೇರೆ ಕಾಲಂಗಳಿರುತ್ತವೆ. ಬೆಳಗಿನ ಕೆಲಸಕ್ಕೆ ಬೇಕಾದದ್ದು ಎರಡನೆಯದು.

ಒಂದು ನಿಮಿಷದ ಕ್ಯಾಂಡಲ್‌ಗಳ ದತ್ತಾಂಶ ಬ್ರೋಕರ್‌ನಿಂದ ಸಿಗುವವರಿಗೆ ಪೈಥಾನ್‌ನಲ್ಲಿ ಇದು ನಾಲ್ಕು ಸಾಲಿನ ಕೆಲಸ:

```python
m = df.between_time("09:15", "09:19")
v5 = m.groupby(m.index.date)["volume"].sum()
base = v5.shift(1).rolling(14).median()
rvol = v5 / base
```

ಇಲ್ಲಿ ಎರಡು ವಿಷಯ ಗಮನಿಸಿ. `shift(1)` ಇಲ್ಲದಿದ್ದರೆ ಇವತ್ತಿನ ವಹಿವಾಟೂ ಆಧಾರದ ಅಂಕಿಯೊಳಗೆ ಸೇರಿ, ಫಲಿತಾಂಶ ಕುಗ್ಗುತ್ತದೆ. ಇನ್ನು, ನಾನು ಸರಾಸರಿಯ ಬದಲು ಮಧ್ಯಾಂಕ ಬಳಸಿದ್ದೇನೆ. ಹತ್ತು ದಿನದ ಹಿಂದೆ ಕಂಪನಿಯ ಫಲಿತಾಂಶ ಬಂದು ಒಂದೇ ಬೆಳಿಗ್ಗೆ 10 ಲಕ್ಷ ಷೇರು ಕೈಬದಲಾಗಿದ್ದರೆ, ಆ ಒಂದು ದಿನ 14 ದಿನಗಳ ಸರಾಸರಿಯನ್ನು 80,000ದಿಂದ ಸುಮಾರು 1,46,000ಕ್ಕೆ ಎತ್ತಿಬಿಡುತ್ತದೆ. ಆಗ ನಮ್ಮ 4.5 ಇದ್ದದ್ದು ಎರಡೂವರೆಗೆ ಇಳಿದು, ಒಳ್ಳೆಯ ಷೇರು ಪಟ್ಟಿಯಿಂದ ಜಾರಿಹೋಗುತ್ತದೆ. ಮಧ್ಯಾಂಕವನ್ನು ಅಂಥ ಒಂದು ದಿನ ಅಲ್ಲಾಡಿಸಲಾರದು.

ಎಲ್ಲಿಂದ ಬಂತು ಈ ಐದು ನಿಮಿಷ

ಅಂದಿನ ದಿನ ಸುದ್ದಿಯಲ್ಲಿದ್ದು, ಮಾಮೂಲಿಗಿಂತ ಹೆಚ್ಚು ವಹಿವಾಟು ಮತ್ತು ಏರಿಳಿತ ಕಾಣುತ್ತಿರುವ ಷೇರನ್ನು ಟ್ರೇಡರ್‌ಗಳು 'ಸ್ಟಾಕ್ಸ್ ಇನ್ ಪ್ಲೇ' ಎನ್ನುತ್ತಾರೆ. ಈ ಆಯ್ಕೆಗೆ ನಿಜವಾಗಿಯೂ ಬೆಲೆಯಿದೆಯೇ ಎಂದು 2024ರಲ್ಲಿ ಕಾರ್ಲೊ ಝರಟ್ಟೀನಿ, ಆಂಡ್ರಿಯಾ ಬಾರ್ಬನ್ ಮತ್ತು ಆಂಡ್ರ್ಯೂ ಅಜೀಜ್ ಒಂದು ಅಧ್ಯಯನ ಪ್ರಕಟಿಸಿದರು. 2016ರಿಂದ 2023ರವರೆಗಿನ ಅಮೆರಿಕದ ಷೇರುಗಳ ಹಳೆಯ ದತ್ತಾಂಶ ಅವರ ಸಾಮಗ್ರಿ. ವಿಧಾನ ಸರಳ: ಮೊದಲ ಐದು ನಿಮಿಷದ ಕ್ಯಾಂಡಲ್ ಏರಿಕೆಯದಾಗಿದ್ದರೆ ಅದರ ಗರಿಷ್ಠ ಬೆಲೆ ದಾಟಿದಾಗ ಖರೀದಿ, ಇಳಿಕೆಯದಾಗಿದ್ದರೆ ಕನಿಷ್ಠ ಬೆಲೆ ಮುರಿದಾಗ ಮಾರಾಟ, ದಿನದ ಕೊನೆಗೆ ಹೊರಕ್ಕೆ. ಇದನ್ನು ವಿಶಾಲ ಗುಂಪಿನ ಷೇರುಗಳ ಮೇಲೆ ಹಾಗೆಯೇ ಪ್ರಯೋಗಿಸಿದಾಗ ಹೇಳಿಕೊಳ್ಳುವಂಥ ಲಾಭವಿರಲಿಲ್ಲ. ಮೊದಲ ಐದು ನಿಮಿಷದ ರಿಲೇಟಿವ್ ವಾಲ್ಯೂಮ್‌ನಲ್ಲಿ ಮೇಲಿನ 20 ಷೇರುಗಳಿಗಷ್ಟೇ ಸೀಮಿತಗೊಳಿಸಿದಾಗ ಫಲಿತಾಂಶ ಪೂರ್ತಿ ಬದಲಾಯಿತು.

ಇದು ಹಳೆಯ ದತ್ತಾಂಶದ ಮೇಲಿನ ಪರೀಕ್ಷೆ ಎಂಬುದು ನೆನಪಿರಲಿ. ಅಲ್ಲಿನ ಪೇಟೆ ಬೇರೆ, ಶುಲ್ಕ ಬೇರೆ. ನಾವು ಅದರಿಂದ ತೆಗೆದುಕೊಳ್ಳಬೇಕಾದದ್ದು ಆಯ್ಕೆಯ ಕ್ರಮವನ್ನು. ಅವರ ಸ್ಟಾಪ್‌ಲಾಸ್ ಅಂತರವನ್ನು ಯಾಕೆ ಹಾಗೆಯೇ ತರಬಾರದು ಎಂಬುದು ಮುಂದೆ ಬರುತ್ತದೆ.

ಸ್ಕ್ಯಾನರ್ ಹಾಕುವ ಮೊದಲಿನ ಜರಡಿ

ರಿಲೇಟಿವ್ ವಾಲ್ಯೂಮ್ ಒಂದು ಅನುಪಾತ. ದಿನಕ್ಕೆ ಸಾವಿರ ಷೇರು ವಹಿವಾಟಾಗುವ ಕಂಪನಿಯಲ್ಲಿ ಯಾರೋ ಒಬ್ಬರು ಐದು ಸಾವಿರ ಕೊಂಡರೂ ಅದು ಪಟ್ಟಿಯ ತುದಿಗೆ ಬಂದು ಕೂರುತ್ತದೆ. ಆದ್ದರಿಂದ ಯಾವ ಷೇರುಗಳ ಮೇಲೆ ಸ್ಕ್ಯಾನರ್ ಹಾಕಬೇಕು ಎಂಬುದನ್ನು ಹಿಂದಿನ ರಾತ್ರಿಯೇ ತೀರ್ಮಾನಿಸಿಡಬೇಕು. ನನ್ನ ಅಭಿಪ್ರಾಯದಲ್ಲಿ ನಿಫ್ಟಿ 500ರೊಳಗಿನ, ಬೆಲೆ ₹100ಕ್ಕಿಂತ ಮೇಲಿನ, ದಿನದ ಸರಾಸರಿ ವಹಿವಾಟು ಕನಿಷ್ಠ ₹50 ಕೋಟಿ ಇರುವ ಷೇರುಗಳು ಸಾಕು. ಜೊತೆಗೆ ಷೇರಿನ ದಿನದ ಸರಾಸರಿ ಏರಿಳಿತ, ಅಂದರೆ 14 ದಿನಗಳ ಎಟಿಆರ್, ಬೆಲೆಯ ಶೇ 2ರಷ್ಟಾದರೂ ಇರಲಿ. ಅಲುಗಾಡದ ಷೇರಿನಲ್ಲಿ ಶುಲ್ಕ ಕಳೆದು ಉಳಿಯುವುದೇನೂ ಇರುವುದಿಲ್ಲ.

ಬಿಇ ಸರಣಿಯ ಷೇರುಗಳನ್ನು ಕಡ್ಡಾಯವಾಗಿ ತೆಗೆದುಹಾಕಿ. ಅವು ಟ್ರೇಡ್-ಟು-ಟ್ರೇಡ್ ವಿಭಾಗದವು, ಪ್ರತಿ ಖರೀದಿಗೂ ಡೆಲಿವರಿ ತೆಗೆದುಕೊಳ್ಳಲೇಬೇಕು, ಇಂಟ್ರಾಡೇ ಅಲ್ಲಿಲ್ಲ. ವಿನಿಮಯ ಕೇಂದ್ರದ ಎಎಸ್‌ಎಂ, ಜಿಎಸ್‌ಎಂ ನಿಗಾಪಟ್ಟಿಗಳಲ್ಲಿರುವ ಷೇರುಗಳೂ ಬೇಡ. ಶೇ 5ರ ಸರ್ಕ್ಯೂಟ್ ಮಿತಿಯ ಷೇರುಗಳಿಂದಲೂ ದೂರವಿರಿ. ಇದು ಬರೀ ಎಚ್ಚರಿಕೆಯ ಮಾತಲ್ಲ. ನೀವು ಬೆಳಿಗ್ಗೆ ಮಾರಿಟ್ಟ ಷೇರು ಮಧ್ಯಾಹ್ನ ಮೇಲಿನ ಸರ್ಕ್ಯೂಟ್‌ಗೆ ಹೋಗಿ ನಿಂತರೆ ಮಾರುವವರೇ ಇರುವುದಿಲ್ಲ. ನಿಮ್ಮ ಸ್ಟಾಪ್‌ಲಾಸ್ ಆರ್ಡರ್ ಕೆಲಸ ಮಾಡುವುದಿಲ್ಲ. ವಹಿವಾಟು ಮುಗಿದ ಮೇಲೆ ಕೊಡಬೇಕಾದ ಷೇರು ಕೊಡಲಾಗದೆ ವಿಷಯ ಹರಾಜಿಗೆ ಹೋಗುತ್ತದೆ, ಅಲ್ಲಿನ ಬೆಲೆ ನಿಮ್ಮ ಕೈಯಲ್ಲಿಲ್ಲ. ನಷ್ಟಕ್ಕೆ ಮಿತಿ ಹಾಕುವ ಇಡೀ ವ್ಯವಸ್ಥೆ ಅಲ್ಲಿ ಕುಸಿಯುತ್ತದೆ.

ಇನ್ನು ಸುದ್ದಿ. ಸಂಜೆ ಬಂದ ತ್ರೈಮಾಸಿಕ ಫಲಿತಾಂಶ, ದೊಡ್ಡ ಗುತ್ತಿಗೆ, ಔಷಧ ಕಂಪನಿಗಳಿಗೆ ಅಮೆರಿಕದ ನಿಯಂತ್ರಕರ ಪತ್ರ, ಪ್ರವರ್ತಕರ ಪಾಲು ಮಾರಾಟ, ಇಂಥವನ್ನು ವಿನಿಮಯ ಕೇಂದ್ರದ ಪ್ರಕಟಣೆಗಳ ಪುಟದಲ್ಲೇ ಓದಿ. ಟೆಲಿಗ್ರಾಂ ಗುಂಪಿನ ಸಂದೇಶ ಸುದ್ದಿಯಲ್ಲ. ವಹಿವಾಟು ಏರಿದೆ, ಆದರೆ ಕಾರಣ ಎಲ್ಲೂ ಕಾಣುತ್ತಿಲ್ಲ ಎಂದಾದರೆ ಆ ಷೇರನ್ನು ಬಿಡುವುದೇ ಒಳ್ಳೆಯದು.

9:00ರಿಂದ 9:15ರವರೆಗಿನ ಪ್ರೀ-ಓಪನ್ ಅವಧಿಯನ್ನು ಬಹಳ ಮಂದಿ ವ್ಯರ್ಥ ಮಾಡುತ್ತಾರೆ. ಮೊದಲ ಏಳೆಂಟು ನಿಮಿಷ ಆರ್ಡರ್‌ಗಳು ಸೇರುತ್ತವೆ, ಆಮೇಲೆ ಹೊಂದಾಣಿಕೆಯಾಗಿ ಆರಂಭದ ಬೆಲೆ ನಿರ್ಧಾರವಾಗುತ್ತದೆ. 9:08ರ ಹೊತ್ತಿಗೆ ಯಾವ ಷೇರು ಎಷ್ಟು ಅಂತರದಲ್ಲಿ ತೆರೆಯಲಿದೆ ಎಂಬುದು ಗೊತ್ತಾಗುತ್ತದೆ. ನಿನ್ನೆಯ ಮುಕ್ತಾಯಕ್ಕಿಂತ ಶೇ 1.5ರಿಂದ 5ರಷ್ಟು ಮೇಲೆ ಅಥವಾ ಕೆಳಗೆ ತೆರೆಯುವ, ಸುದ್ದಿಯೂ ಇರುವ ಷೇರುಗಳನ್ನು ಗುರುತು ಹಾಕಿಕೊಳ್ಳಿ. ಸಾಮಾನ್ಯವಾಗಿ ಹತ್ತು ಹದಿನೈದಕ್ಕಿಂತ ಹೆಚ್ಚು ಉಳಿಯುವುದಿಲ್ಲ.

ಶೇ 5 ಎಂಬ ಮೇಲ್ಮಿತಿ ಯಾಕೆ? ಬೆಂಗಳೂರಿನ ಇನ್ಫೊಸಿಸ್ ಉದಾಹರಣೆ ನೋಡಿ. 2023ರ ಏಪ್ರಿಲ್ 13ರ ಸಂಜೆ ಕಂಪನಿ ಫಲಿತಾಂಶ ಪ್ರಕಟಿಸಿ, ಮುಂದಿನ ವರ್ಷದ ಆದಾಯ ಶೇ 4ರಿಂದ 7ರಷ್ಟು ಮಾತ್ರ ಬೆಳೆಯಬಹುದೆಂದು ಹೇಳಿತು. ಮರುದಿನ ಅಂಬೇಡ್ಕರ್ ಜಯಂತಿಯ ರಜೆ, ಆಮೇಲೆ ಶನಿವಾರ, ಭಾನುವಾರ. ಸೋಮವಾರ 17ರಂದು ಪೇಟೆ ತೆರೆದಾಗಲೇ ಷೇರು ಸುಮಾರು ಶೇ 10ರಷ್ಟು ಕುಸಿದಿತ್ತು. ದಿನ ಮುಗಿದಾಗ ಇಳಿಕೆ ಶೇ 9ಕ್ಕಿಂತ ಸ್ವಲ್ಪ ಹೆಚ್ಚು. ವಹಿವಾಟಿನ ಪ್ರಮಾಣದ ದೃಷ್ಟಿಯಿಂದ ಆ ದಿನ ಅದು ಅಪ್ಪಟ 'ಇನ್ ಪ್ಲೇ' ಷೇರು. ಆದರೂ ತೆರೆದೊಡನೆ ಮಾರಿ ಸಂಜೆಯವರೆಗೆ ಕಾದವರಿಗೆ ಏನೂ ದಕ್ಕಲಿಲ್ಲ, ಯಾಕೆಂದರೆ ಕುಸಿತದ ಬಹುಪಾಲು ಪೇಟೆ ತೆರೆಯುವ ಮೊದಲೇ ಮುಗಿದಿತ್ತು. ಷೇರು ಎಷ್ಟು ಚುರುಕಾಗಿದೆ ಎಂಬುದನ್ನಷ್ಟೇ ರಿಲೇಟಿವ್ ವಾಲ್ಯೂಮ್ ಹೇಳುತ್ತದೆ. ದಿಕ್ಕನ್ನಾಗಲಿ, ಇನ್ನೂ ಎಷ್ಟು ದಾರಿ ಉಳಿದಿದೆ ಎಂಬುದನ್ನಾಗಲಿ ಹೇಳುವುದಿಲ್ಲ.

9:20ಕ್ಕೆ ಬಂದ ಪಟ್ಟಿಯನ್ನು ಓದುವುದು

2ಕ್ಕಿಂತ ಕಡಿಮೆ ಇರುವುದನ್ನು ಬಿಡಿ. 3ರಿಂದ 8ರ ನಡುವಿನವು ನನ್ನ ದೃಷ್ಟಿಯಲ್ಲಿ ಗಮನಕ್ಕೆ ಅರ್ಹ. 10 ದಾಟಿದರೆ ಮೊದಲು ಅನುಮಾನ ಪಡಬೇಕು. ಒಂದೊಂದು ನಿಮಿಷದ ಕ್ಯಾಂಡಲ್ ತೆರೆದು ನೋಡಿ. ಐದು ನಿಮಿಷದ ವಹಿವಾಟಿನ ಬಹುಪಾಲು ಒಂದೇ ನಿಮಿಷದಲ್ಲಿ ಆಗಿದ್ದು, ಆ ನಿಮಿಷದಲ್ಲಿ ಬೆಲೆ ಅಷ್ಟೇನೂ ಕದಲದಿದ್ದರೆ, ಯಾರೋ ಇಬ್ಬರು ದೊಡ್ಡವರು ಮೊದಲೇ ಮಾತಾಡಿಕೊಂಡ ಬೆಲೆಗೆ ಷೇರು ಕೈಬದಲಿಸಿದ್ದಾರೆ ಎಂದು ತಿಳಿಯಬಹುದು. ಅದರಿಂದ ದಿನವಿಡೀ ಚಲನೆ ಬರುತ್ತದೆ ಎಂಬ ಭರವಸೆಯಿಲ್ಲ. ಐದೂ ನಿಮಿಷಗಳಲ್ಲಿ ವಹಿವಾಟು ಹರಡಿಕೊಂಡು, ಬೆಲೆಯೂ ಒಂದು ಕಡೆಗೆ ಸಾಗಿದ್ದರೆ ಅದು ನಿಜವಾದ ಬೇಡಿಕೆ.

ಇನ್ನೊಂದು ಬಲೆ ಷೇರು ವಿಭಜನೆ ಮತ್ತು ಬೋನಸ್. ₹10ರ ಮುಖಬೆಲೆಯ ಷೇರನ್ನು ₹2ಕ್ಕೆ ಸೀಳಿದ ಮಾರನೆಯ ದಿನ ಒಂದು ಷೇರು ಐದಾಗಿರುತ್ತದೆ, ಅದೇ ಹಣದ ವಹಿವಾಟಿಗೆ ಐದು ಪಟ್ಟು ಷೇರು ಓಡಾಡುತ್ತವೆ. ಹಳೆಯ ದತ್ತಾಂಶವನ್ನು ಸರಿಹೊಂದಿಸದಿದ್ದರೆ ಸ್ಕ್ಯಾನರ್ 5 ಎಂದು ತೋರಿಸುತ್ತದೆ, ವಾಸ್ತವದಲ್ಲಿ ಏನೂ ನಡೆದಿರುವುದಿಲ್ಲ. ಷೇರುಗಳ ಸಂಖ್ಯೆಯ ಬದಲು ರೂಪಾಯಿ ಮೌಲ್ಯದಲ್ಲಿ ಅನುಪಾತ ತೆಗೆದರೆ ಈ ತಪ್ಪು ತಾನಾಗಿಯೇ ಅಳಿಯುತ್ತದೆ. ದತ್ತಾಂಶದ ಮೂಲವನ್ನೂ ನಡುವೆ ಬದಲಿಸಬೇಡಿ. ಪ್ರೀ-ಓಪನ್‌ನಲ್ಲಿ ಹೊಂದಾಣಿಕೆಯಾದ ಷೇರುಗಳನ್ನು ಮೊದಲ ನಿಮಿಷಕ್ಕೆ ಸೇರಿಸಿದ ಅಂಕಿಯನ್ನು ಸೇರಿಸದ ಅಂಕಿಯಿಂದ ಭಾಗಿಸಿದರೆ ಬರುವ ಉತ್ತರಕ್ಕೆ ಅರ್ಥವಿಲ್ಲ.

ಕೆಲವು ದಿನ ಇಡೀ ಪೇಟೆಯೇ ಎದ್ದು ಕೂತಿರುತ್ತದೆ. 2024ರ ಜೂನ್ 4, ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ, ಅಂಥದ್ದು. ಹಾಗಿರುವಾಗ ನಿಮ್ಮ ಜರಡಿ ದಾಟಿದ ಎಲ್ಲ ಷೇರುಗಳ ಅನುಪಾತಗಳ ಮಧ್ಯಾಂಕವನ್ನೂ ನೋಡಬೇಕು. ಅದೇ 2.5 ಇದ್ದರೆ, 3 ತೋರಿಸುವ ಷೇರು ಗುಂಪಿನಲ್ಲಿ ಗೋವಿಂದ ಅಷ್ಟೇ, ಅದರಲ್ಲಿ ವಿಶೇಷವೇನೂ ಇಲ್ಲ. ರಿಸರ್ವ್ ಬ್ಯಾಂಕ್ ಬಡ್ಡಿದರ ಪ್ರಕಟಿಸಿದ ಬಳಿಕ ಪಟ್ಟಿಯಲ್ಲಿ ನಾಲ್ಕು ಬ್ಯಾಂಕುಗಳು ಬಂದರೆ ಅವು ನಾಲ್ಕು ಅವಕಾಶಗಳಲ್ಲ, ಒಂದೇ ಅವಕಾಶ. ಒಂದನ್ನು ಆರಿಸಿ.

ಎಷ್ಟು ಷೇರು ಕೊಳ್ಳಬೇಕು

ಇಲ್ಲಿಂದ ಮುಂದಿನದು ಆಯ್ಕೆಗಿಂತ ಮುಖ್ಯ. ನಮ್ಮ ಷೇರಿಗೇ ಮರಳೋಣ. ನಿನ್ನೆಯ ಮುಕ್ತಾಯ ₹640, ಸಂಜೆ ಒಳ್ಳೆಯ ಫಲಿತಾಂಶ, ಇವತ್ತು ₹659ಕ್ಕೆ, ಅಂದರೆ ಶೇ 3ರಷ್ಟು ಮೇಲೆ ಆರಂಭ. ಮೊದಲ ಐದು ನಿಮಿಷದಲ್ಲಿ ಗರಿಷ್ಠ ₹664.50, ಕನಿಷ್ಠ ₹656.80, ಮುಕ್ತಾಯ ₹663. ಕ್ಯಾಂಡಲ್ ಏರಿಕೆಯದು, ಅನುಪಾತ 4.5. ಎಟಿಆರ್ ₹16. ಖರೀದಿಯ ಆರ್ಡರ್ ₹664.80ಕ್ಕೆ, ಸ್ಟಾಪ್‌ಲಾಸ್ ಕ್ಯಾಂಡಲ್‌ನ ತಳದ ಕೆಳಗೆ ₹656.50ಕ್ಕೆ. ನಡುವಿನ ಅಂತರ ₹8.30.

ಬಂಡವಾಳ ₹2,00,000 ಎಂದಿಟ್ಟುಕೊಳ್ಳಿ. ಒಂದು ವಹಿವಾಟಿನಲ್ಲಿ ಕಳೆದುಕೊಳ್ಳಲು ಸಿದ್ಧವಿರುವುದು ಅದರ ಶೇ 0.5, ಅಂದರೆ ₹1,000. ಈ ಮೊತ್ತ ಎಲ್ಲ ಷೇರಿಗೂ, ಎಲ್ಲ ದಿನಕ್ಕೂ ಒಂದೇ. 'ಇದು ಖಂಡಿತ ಹೋಗುತ್ತೆ' ಎನಿಸಿದ ದಿನವೂ ಅಷ್ಟೇ. ಬದಲಾಗುವುದು ಷೇರುಗಳ ಸಂಖ್ಯೆ ಮಾತ್ರ. ₹1,000ವನ್ನು 8.30ರಿಂದ ಭಾಗಿಸಿ 120 ಷೇರು ಎನ್ನುವವರು ಶುಲ್ಕವನ್ನೂ, ಜಾರಿಕೆಯನ್ನೂ ಮರೆತಿರುತ್ತಾರೆ. ಸ್ಟಾಪ್‌ಲಾಸ್ ಆರ್ಡರ್ ಹೇಳಿದ ಬೆಲೆಗೇ ಸಿಗುವುದಿಲ್ಲ. ಒಳಗೆ ಹೊರಗೆ ಸೇರಿ 30 ಪೈಸೆ ಜಾರಬಹುದು. ಶುಲ್ಕ ಷೇರಿಗೆ ಸುಮಾರು 65 ಪೈಸೆ. ಆದ್ದರಿಂದ ಲೆಕ್ಕ ಹೀಗಿರಬೇಕು:

```
ಷೇರು ಸಂಖ್ಯೆ = ನಿಗದಿತ ನಷ್ಟ / (ಸ್ಟಾಪ್ ಅಂತರ + ಜಾರಿಕೆ + ಶುಲ್ಕ)
           = 1000 / (8.30 + 0.30 + 0.65) = 108
```

ಆ ಶುಲ್ಕ ಎಲ್ಲಿಂದ ಬಂತೆಂದರೆ, 108 ಷೇರಿನ ಮೌಲ್ಯ ಸುಮಾರು ₹71,800. ಆರ್ಡರ್‌ಗೆ ₹20ರಂತೆ ಬ್ರೋಕರೇಜ್ ₹40, ಮಾರಾಟದ ಮೇಲೆ ಶೇ 0.025ರ ಎಸ್‌ಟಿಟಿ ಸುಮಾರು ₹18, ವಿನಿಮಯ ಕೇಂದ್ರದ ಶುಲ್ಕ ನಾಲ್ಕು ರೂಪಾಯಿ ಚಿಲ್ಲರೆ, ಖರೀದಿಯ ಮುದ್ರಾಂಕ ಶುಲ್ಕ ಎರಡು, ಜಿಎಸ್‌ಟಿ ಎಂಟು. ಒಟ್ಟು ₹72. ಸ್ಟಾಪ್‌ಲಾಸ್ ತಾಗಿದರೆ ಹೋಗುವುದು ಸರಿಸುಮಾರು ₹1,000. ತಾಗದೆ, ಮಧ್ಯಾಹ್ನ 3:10ಕ್ಕೆ ₹683ರಲ್ಲಿ ಮಾರಿದರೆ ಎಲ್ಲ ಕಳೆದು ಸುಮಾರು ₹1,860 ಉಳಿಯುತ್ತದೆ. 3:15ರ ಬಳಿಕ ಬ್ರೋಕರ್‌ಗಳು ತಾವೇ ಮುಚ್ಚಲು ಆರಂಭಿಸುವುದರಿಂದ ಅದಕ್ಕೂ ಮೊದಲೇ ಹೊರಬರುವುದು ಲೇಸು.

ಈಗ ಅಮೆರಿಕದ ಅಧ್ಯಯನದ ಸ್ಟಾಪ್‌ಲಾಸ್ ನೋಡೋಣ. ಅವರು ಎಟಿಆರ್‌ನ ಶೇ 10ರಷ್ಟು ಅಂತರ ಇಟ್ಟಿದ್ದರು. ನಮ್ಮ ಷೇರಿಗೆ ಅದು ₹1.60. ₹1,000 ನಷ್ಟಕ್ಕೆ 625 ಷೇರು, ಮೌಲ್ಯ ₹4.15 ಲಕ್ಷ, ಅಂದರೆ ಬಂಡವಾಳದ ಎರಡು ಪಟ್ಟಿಗೂ ಮಿಗಿಲು. ಬ್ರೋಕರ್ ಮಾರ್ಜಿನ್ ಕೊಡುತ್ತಾರೆ, ನಿಜ. ಆದರೆ ಎಸ್‌ಟಿಟಿ, ವಿನಿಮಯ ಶುಲ್ಕ ಮತ್ತು ಮುದ್ರಾಂಕ ಶುಲ್ಕ ಮೌಲ್ಯದ ಮೇಲೆ ಬೀಳುತ್ತವೆ. ಶುಲ್ಕ ₹190 ದಾಟುತ್ತದೆ, 30 ಪೈಸೆಯ ಜಾರಿಕೆ ಸೇರಿದರೆ ಇನ್ನೊಂದು ₹187. ಸಾವಿರ ಎಂದುಕೊಂಡ ನಷ್ಟ ₹1,380 ಆಗುತ್ತದೆ. ಅವರ ಪರೀಕ್ಷೆಯಲ್ಲಿ ಕಮಿಷನ್ ಷೇರಿಗೆ ಒಂದು ಸೆಂಟ್‌ನ ಅರ್ಧಕ್ಕೂ ಕಡಿಮೆ, ಎಸ್‌ಟಿಟಿಯಂಥ ತೆರಿಗೆ ಅಲ್ಲಿಲ್ಲ. ನಮ್ಮಲ್ಲಿ ಸ್ಟಾಪ್ ಅಂತರ ಎಟಿಆರ್‌ನ ಅರ್ಧದ ಆಸುಪಾಸಿನಲ್ಲಿರಲಿ. ನನ್ನ ನಿಯಮ ಇದು: ಶುಲ್ಕ ಮತ್ತು ಜಾರಿಕೆ ಸೇರಿ ನಿಗದಿತ ನಷ್ಟದ ಶೇ 12ನ್ನು ಮೀರಿದರೆ ಆ ವಹಿವಾಟು ಬೇಡ.

ಹತ್ತರಲ್ಲಿ ನಾಲ್ಕು ಗೆಲ್ಲುವ ವಿಧಾನದಲ್ಲೂ ಮುಂದಿನ ಐದು ವಹಿವಾಟು ಸತತವಾಗಿ ಸೋಲುವ ಸಂಭವ ಶೇ 8ರ ಹತ್ತಿರ. ಶೇ 0.5ರ ಮಿತಿಯಲ್ಲಿ ಆಗ ಹೋಗುವುದು ₹5,000. ಪ್ರತಿ ಸಲ ಶೇ 3 ಪಣಕ್ಕಿಡುವವರಿಗೆ ಅದೇ ಸರಣಿ ಹೆಚ್ಚುಕಡಿಮೆ ₹30,000ದ ಹೊಡೆತ. ಒಂದು ದಿನಕ್ಕೆ ಎರಡು ಸ್ಟಾಪ್‌ಲಾಸ್ ತಾಗಿದರೆ ಅಂದಿಗೆ ಲ್ಯಾಪ್‌ಟಾಪ್ ಮುಚ್ಚಿ. ಕೊಂಡ ಕ್ಷಣವೇ ಸ್ಟಾಪ್‌ಲಾಸ್ ಆರ್ಡರ್ ವ್ಯವಸ್ಥೆಯೊಳಗೆ ಇರಲಿ, ಮನಸ್ಸಿನಲ್ಲಿಟ್ಟುಕೊಂಡ ಸ್ಟಾಪ್‌ಲಾಸ್ ಲೆಕ್ಕಕ್ಕಿಲ್ಲ.

ಸೆಬಿ 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022-23ರಲ್ಲಿ ಷೇರುಗಳ ನಗದು ವಿಭಾಗದಲ್ಲಿ ಇಂಟ್ರಾಡೇ ಮಾಡಿದ ವ್ಯಕ್ತಿಗಳಲ್ಲಿ ಹತ್ತರಲ್ಲಿ ಏಳು ಮಂದಿ ನಷ್ಟ ಅನುಭವಿಸಿದ್ದಾರೆ. ವರ್ಷಕ್ಕೆ 500ಕ್ಕಿಂತ ಹೆಚ್ಚು ವಹಿವಾಟು ಮಾಡಿದವರಲ್ಲಿ ಈ ಪ್ರಮಾಣ ಶೇ 80. ಸೋತವರು ತಮ್ಮ ವಹಿವಾಟಿನ ನಷ್ಟದ ಮೇಲೆ ಅದರ ಶೇ 57ರಷ್ಟು ಹಣವನ್ನು ಶುಲ್ಕಗಳಿಗೇ ಹೆಚ್ಚುವರಿಯಾಗಿ ತೆತ್ತಿದ್ದರು. ಹಾಗಾಗಿ ಹಣ ಹಾಕುವ ಮೊದಲು ಈ ಪಟ್ಟಿಯನ್ನು ಕಾಗದದ ಮೇಲೆ ನಡೆಸಿ. ದಿನಾಂಕ, ಷೇರು, 9:20ರ ಅನುಪಾತ, ಸುದ್ದಿ, ಸ್ಟಾಪ್ ಅಂತರ, ಶುಲ್ಕ ಮತ್ತು ಜಾರಿಕೆ ಕಳೆದ ಫಲಿತಾಂಶ, ಇಷ್ಟನ್ನು ಬರೆದಿಡಿ. ಐವತ್ತು ವಹಿವಾಟುಗಳಾದ ಮೇಲೆ ಒಟ್ಟು ಮೊತ್ತ ಋಣದಲ್ಲಿದ್ದರೆ ನಿಜವಾದ ಹಣವನ್ನು ಇದಕ್ಕೆ ತರಬೇಡಿ.